ಬುಡ ಸಿಗದ ಗೋಪುರದ ಎತ್ತರ: ಎರಡು ನೆರಳುಗಳ ಲೆಕ್ಕದ ಕುರಿತು ಒಂದು ಟಿಪ್ಪಣಿ

ನೆರಳಿನಿಂದ ಎತ್ತರ ಕಂಡುಹಿಡಿಯುವ ಲೆಕ್ಕ ಹತ್ತನೇ ತರಗತಿಯ ಹೊತ್ತಿಗೆ ಎಲ್ಲರಿಗೂ ಪರಿಚಿತ. ಒಂದು ಮೀಟರ್ ಕೋಲಿನ ನೆರಳು 80 ಸೆಂ.ಮೀ. ಇದ್ದು, ಅದೇ ಹೊತ್ತಿಗೆ ಕಂಬದ ನೆರಳು 8 ಮೀಟರ್ ಇದ್ದರೆ ಕಂಬದ ಎತ್ತರ 10 ಮೀಟರ್. ಕೋಲು ಮತ್ತು ಅದರ ನೆರಳಿನಿಂದ ಆಗುವ ತ್ರಿಭುಜವೂ ಕಂಬ ಮತ್ತು ಅದರ ನೆರಳಿನಿಂದ ಆಗುವ ತ್ರಿಭುಜವೂ ಸಮರೂಪವಾದ್ದರಿಂದ ಉಳಿದದ್ದು ತ್ರೈರಾಶಿಕ. ಆದರೆ ಕಂಬದ ನೆರಳನ್ನು ಅಳೆಯಲು ಅದರ ಬುಡಕ್ಕೆ ಹೋಗಲೇಬೇಕು. ದೇವಾಲಯದ ಗೋಪುರದಲ್ಲಿ ಇದು ಸಾಧ್ಯವಿಲ್ಲ. ಕಲಶದ ತುದಿಯಿಂದ ನೇರ ಕೆಳಗೆ ಇಳಿಸಿದ ತೂಕದ ದಾರ ನೆಲ ಮುಟ್ಟುವ ಬಿಂದುವೇ ಗೋಪುರದ ನಿಜವಾದ ಬುಡ. ಅದು ಕಟ್ಟಡದ ಒಳಗೆಲ್ಲೋ ಇರುತ್ತದೆ. ಅಂಗಳದಲ್ಲಿ ನಿಂತು ಟೇಪು ಹಿಡಿದವರಿಗೆ ಸಿಗುವುದು ಗೋಡೆಯ ಅಂಚು ಮಾತ್ರ. ಬುಡವನ್ನು ಮುಟ್ಟದೆ ಎತ್ತರ ಅಳೆಯುವುದು ಹೇಗೆ, ಆ ಅಳತೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೇ ಈ ಟಿಪ್ಪಣಿಯ ವಿಷಯ.

ದೀಪದ ಲೆಕ್ಕ

ಈ ತೊಡಕಿಗೆ ಭಾರತೀಯ ಗಣಿತದಲ್ಲಿ ಹಳೆಯ ಉತ್ತರವಿದೆ. ಆರ್ಯಭಟನ 'ಆರ್ಯಭಟೀಯ'ದ (ಕ್ರಿ.ಶ. 499) ಗಣಿತಪಾದದಲ್ಲಿ ಎರಡು ಶಂಕುಗಳ ನೆರಳಿನಿಂದ ದೀಪಸ್ತಂಭದ ಎತ್ತರ ಮತ್ತು ದೂರ ಎರಡನ್ನೂ ಪಡೆಯುವ ಸೂತ್ರವಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದ ಕೊನೆಯ ಅಧ್ಯಾಯವನ್ನು ಛಾಯಾವ್ಯವಹಾರಕ್ಕೇ ಮೀಸಲಿಟ್ಟ. ಭಾಸ್ಕರಾಚಾರ್ಯನ 'ಲೀಲಾವತಿ'ಯಲ್ಲಿ (1150) ಈ ಸೂತ್ರಕ್ಕೊಂದು ಅಚ್ಚುಕಟ್ಟಾದ ಉದಾಹರಣೆ ಸಿಗುತ್ತದೆ. ಮುಂದಿನ ಮಾತಿಗೆಲ್ಲ ಅದೇ ಆಧಾರವಾದ್ದರಿಂದ ಅದನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ.

ಶಂಕುವಿನ ಎತ್ತರ 12 ಅಂಗುಲ. ದೀಪದ ಬೆಳಕಿನಲ್ಲಿ ಅದರ ನೆರಳು 8 ಅಂಗುಲ ಬೀಳುತ್ತದೆ. ಶಂಕುವನ್ನು ಅದೇ ನೇರದಲ್ಲಿ ದೀಪದಿಂದ ಇನ್ನೂ ಎರಡು ಹಸ್ತ, ಅಂದರೆ 48 ಅಂಗುಲ, ಆಚೆಗೆ ಸರಿಸಿದರೆ ನೆರಳು 12 ಅಂಗುಲವಾಗುತ್ತದೆ. ದೀಪದ ಬುಡ ಎಲ್ಲಿದೆಯೆಂದು ಹೇಳಿಲ್ಲ. ನೆರಳಿನ ತುದಿಗಳ ನಡುವಿನ ಅಂತರ 48 + 12 − 8 = 52 ಅಂಗುಲ. ದೀಪದ ಬುಡದಿಂದ ಮೊದಲ ನೆರಳಿನ ತುದಿಯವರೆಗೆ ಒಂದು ದೊಡ್ಡ ತ್ರಿಭುಜ, ಎರಡನೆಯ ತುದಿಯವರೆಗೆ ಇನ್ನೊಂದು. ಎರಡಕ್ಕೂ ಎತ್ತರ ಒಂದೇ, ದೀಪದ ಎತ್ತರ. ಹಾಗಾಗಿ ಅವುಗಳ ಪಾದಗಳು ನೆರಳುಗಳ ಪ್ರಮಾಣದಲ್ಲೇ, ಅಂದರೆ 8ಕ್ಕೆ 12ರಂತೆ, ಇರಬೇಕು. ನೆರಳುಗಳಲ್ಲಿ ವ್ಯತ್ಯಾಸ 4, ಪಾದಗಳಲ್ಲಿ ವ್ಯತ್ಯಾಸ 52. ಆದ್ದರಿಂದ ಮೊದಲ ಪಾದ 8 × 52 ÷ 4 = 104 ಅಂಗುಲ, ಎರಡನೆಯದು 156 ಅಂಗುಲ. ದೀಪದ ಎತ್ತರ 104 × 12 ÷ 8 = 156 ಅಂಗುಲ, ಅಂದರೆ ಆರೂವರೆ ಹಸ್ತ. ಎರಡನೆಯ ಪಾದದಿಂದ ಲೆಕ್ಕ ಹಾಕಿದರೂ 156 × 12 ÷ 12, ಅದೇ ಉತ್ತರ.

ಬಿಸಿಲಿಗೆ ಇದು ಹೊಂದುವುದಿಲ್ಲ, ಏಕೆ?

ಈ ಸೂತ್ರವನ್ನು ಹಾಗೇ ಗೋಪುರಕ್ಕೆ ಅನ್ವಯಿಸಲು ಬರುವುದಿಲ್ಲ. ದೀಪ ಹತ್ತಿರವಿರುವುದರಿಂದ ಶಂಕು ಜಾಗ ಬದಲಿಸಿದಂತೆ ನೆರಳೂ ಬದಲಾಗುತ್ತದೆ. ಸೂರ್ಯನ ಕಿರಣಗಳಾದರೋ ನಮ್ಮ ಅಂಗಳದ ಮಟ್ಟಿಗೆ ಸಮಾಂತರ. ಒಂದೇ ಹೊತ್ತಿನಲ್ಲಿ ಶಂಕುವನ್ನು ಎಲ್ಲಿ ನಿಲ್ಲಿಸಿದರೂ ನೆರಳು ಅಷ್ಟೇ. ಎರಡು ನೆರಳುಗಳ ವ್ಯತ್ಯಾಸ ಸೊನ್ನೆಯಾಗುತ್ತದೆ, ಭಾಜಕವೇ ಇಲ್ಲವಾಗುತ್ತದೆ. ಆದ್ದರಿಂದ ಬಿಸಿಲಿನಲ್ಲಿ ಎರಡು ಜಾಗಗಳ ಬದಲು ಎರಡು ಹೊತ್ತುಗಳು ಬೇಕು. ಕೋಲು ನೆಟ್ಟಲ್ಲೇ ಇರಲಿ, ಮಧ್ಯಾಹ್ನ ಒಮ್ಮೆ, ಇನ್ನೊಂದು ಗಂಟೆ ಬಿಟ್ಟು ಮತ್ತೊಮ್ಮೆ, ಕೋಲಿನ ನೆರಳಿನ ತುದಿಯನ್ನೂ ಗೋಪುರದ ನೆರಳಿನ ತುದಿಯನ್ನೂ ಗುರುತು ಮಾಡಬೇಕು.

ಇಲ್ಲಿ ಸುಲಭವಾಗಿ ಒಂದು ತಪ್ಪು ನುಸುಳುತ್ತದೆ. ದೀಪದ ಲೆಕ್ಕವನ್ನು ಅನುಸರಿಸಿ ಕೋಲಿನ ಎರಡು ನೆರಳುಗಳ ಉದ್ದ ಅಳೆದು, ಅವುಗಳ ವ್ಯತ್ಯಾಸವನ್ನು ಭಾಜಕವಾಗಿ ಇಟ್ಟುಕೊಳ್ಳುವುದು ಸಹಜವೆನಿಸುತ್ತದೆ. ಆದರೆ ದೀಪದ ಲೆಕ್ಕದಲ್ಲಿ ಎರಡು ನೆರಳೂ ಒಂದೇ ನೇರದಲ್ಲಿದ್ದವು. ಸೂರ್ಯ ಇಳಿಯುವಾಗ ಅದರ ದಿಕ್ಕೂ ತಿರುಗುತ್ತದೆ, ನೆರಳು ಉದ್ದವಾಗುವುದರ ಜೊತೆಗೆ ಪಕ್ಕಕ್ಕೂ ಸರಿಯುತ್ತದೆ. ಬರೀ ಉದ್ದಗಳ ವ್ಯತ್ಯಾಸದಲ್ಲಿ ಈ ಪಕ್ಕದ ಚಲನೆ ಸೇರುವುದಿಲ್ಲ.

ಅಳೆಯಬೇಕಾದದ್ದು ಉದ್ದಗಳನ್ನಲ್ಲ, ತುದಿ ಎಲ್ಲಿಂದ ಎಲ್ಲಿಗೆ ಸರಿಯಿತು ಎಂಬುದನ್ನು. ಇದರ ಕಾರಣ ನೆಲದ ಮೇಲೇ ಬಿದ್ದಿರುವ ಒಂದು ಜೋಡಿ ಸಮರೂಪ ತ್ರಿಭುಜಗಳಲ್ಲಿದೆ. ಕೋಲಿನ ಬುಡ, ಅದರ ನೆರಳಿನ ಮೊದಲ ತುದಿ, ಎರಡನೆಯ ತುದಿ ಸೇರಿ ಒಂದು ತ್ರಿಭುಜ. ಗೋಪುರದ ಬುಡ ಮತ್ತು ಅದರ ನೆರಳಿನ ಎರಡು ತುದಿಗಳು ಸೇರಿ ಇನ್ನೊಂದು. ಗೋಪುರ ಕೋಲಿನ ಎಷ್ಟು ಪಟ್ಟು ಎತ್ತರವೋ ಅದರ ಎರಡೂ ನೆರಳುಗಳು ಕೋಲಿನ ನೆರಳುಗಳ ಅಷ್ಟೇ ಪಟ್ಟು ಉದ್ದ. ಎರಡು ನೆರಳುಗಳ ನಡುವಿನ ಕೋನ ಸೂರ್ಯನ ದಿಕ್ಕು ತಿರುಗಿದಷ್ಟು, ಅದು ಎರಡು ಕಡೆಯೂ ಒಂದೇ. ಎರಡು ಬಾಹುಗಳು ಸಮಾನುಪಾತದಲ್ಲಿದ್ದು ನಡುವಿನ ಕೋನ ಸಮವಾಗಿದ್ದರೆ ತ್ರಿಭುಜಗಳು ಸಮರೂಪ. ಹಾಗಾದರೆ ಮೂರನೆಯ ಬಾಹುಗಳೂ ಅದೇ ಅನುಪಾತದಲ್ಲಿರಬೇಕು. ಆ ಮೂರನೆಯ ಬಾಹುವೇ ತುದಿ ಸರಿದ ದೂರ. ಗೋಪುರದ ತ್ರಿಭುಜದ ಒಂದು ಮೂಲೆ ಕಟ್ಟಡದೊಳಗೆ ಅಡಗಿದ್ದರೂ ನಮಗೆ ಬೇಕಾದ ಬಾಹು ಅಂಗಳದಲ್ಲೇ ಇದೆ.

ಎತ್ತರ = ಕೋಲಿನ ಎತ್ತರ × (ಗೋಪುರದ ತುದಿನೆರಳು ಸರಿದ ದೂರ ÷ ಕೋಲಿನ ತುದಿನೆರಳು ಸರಿದ ದೂರ)

ಒಂದು ಮಾದರಿ ಲೆಕ್ಕ

ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ವಿಷುವದ ದಿನ, ಅಂದರೆ ಮಾರ್ಚ್ ಅಥವಾ ಸೆಪ್ಟೆಂಬರಿನಲ್ಲಿ ಹಗಲು ರಾತ್ರಿ ಸಮವಾಗುವ ದಿನ, ಒಂದು ಮೀಟರ್ ಕೋಲು ನೆಟ್ಟಿದೆ ಎಂದುಕೊಳ್ಳೋಣ. ಆ ದಿನ ನೆರಳಿನ ತುದಿ ಪಶ್ಚಿಮದಿಂದ ಪೂರ್ವಕ್ಕೆ ನೇರ ಗೆರೆಯಲ್ಲಿ ಸಾಗುವುದರಿಂದ ಲೆಕ್ಕ ಸರಳ. ಆ ಗೆರೆ ಕೋಲಿನ ಬುಡಕ್ಕಿಂತ 23.1 ಸೆಂ.ಮೀ. ಉತ್ತರಕ್ಕಿರುತ್ತದೆ. ಸೂರ್ಯ ನೆತ್ತಿಯ ಗೆರೆ ದಾಟಿ ಎರಡು ಗಂಟೆಯಾದಾಗ ತುದಿ 59.2 ಸೆಂ.ಮೀ. ಪೂರ್ವಕ್ಕಿರುತ್ತದೆ, ಮೂರು ಗಂಟೆಯಾದಾಗ 102.6 ಸೆಂ.ಮೀ. ಸರಿದ ದೂರ 43.4 ಸೆಂ.ಮೀ. ಅಷ್ಟರಲ್ಲಿ ಗೋಪುರದ ತುದಿನೆರಳು 13 ಮೀಟರ್ ಸರಿದಿದ್ದರೆ ಎತ್ತರ 13 ÷ 0.434, ಅಂದರೆ ಹೆಚ್ಚುಕಡಿಮೆ 30 ಮೀಟರ್.

ಉದ್ದಗಳನ್ನೇ ಅಳೆದವರಿಗೆ ಏನು ಸಿಗುತ್ತದೆ? ಕೋಲಿನ ಮೊದಲ ನೆರಳಿನ ಉದ್ದ 63.6 ಸೆಂ.ಮೀ., ಎರಡನೆಯದು 105.2 ಸೆಂ.ಮೀ. ವ್ಯತ್ಯಾಸ 41.6 ಸೆಂ.ಮೀ. ಅದನ್ನೇ ಭಾಜಕವಾಗಿಟ್ಟರೆ ಎತ್ತರ 31.25 ಮೀಟರ್ ಎಂದು ಬರುತ್ತದೆ. ಟೇಪು ಸರಿಯಿದೆ, ಗುಣಾಕಾರ ಭಾಗಾಕಾರ ಸರಿಯಿದೆ, ಆದರೂ ಒಂದು ಮೀಟರಿಗಿಂತ ಹೆಚ್ಚು ತಪ್ಪು.

ಎಷ್ಟು ಹೊತ್ತು ಕಾಯಬೇಕು?

ಭಾಜಕ ಸಣ್ಣದಾದಷ್ಟೂ ತಪ್ಪು ಹಿಗ್ಗುತ್ತದೆ. ಮೇಲಿನ ಮಾದರಿಯಲ್ಲಿ ಕೋಲಿನ ತುದಿಯನ್ನು ಗುರುತಿಸುವಾಗ ಒಂದು ಸೆಂ.ಮೀ. ಹೆಚ್ಚುಕಡಿಮೆಯಾಗಿ 43.4ರ ಬದಲು 42.4 ಬಂದರೆ ಎತ್ತರ 30.7 ಮೀಟರ್ ಆಗುತ್ತದೆ. ತಪ್ಪು ಸುಮಾರು ಎಪ್ಪತ್ತು ಸೆಂ.ಮೀ. ಒಂದು ಗಂಟೆಯ ಬದಲು ಹತ್ತೇ ನಿಮಿಷ ಕಾದು ಎರಡನೆಯ ಗುರುತು ಹಾಕಿದರೆ ಕೋಲಿನ ತುದಿ ಸರಿಯುವುದು 6.1 ಸೆಂ.ಮೀ., ಗೋಪುರದ್ದು 1.84 ಮೀಟರ್. ಈಗ ಅದೇ ಒಂದು ಸೆಂ.ಮೀ. ತಪ್ಪಾಗಿ ಭಾಜಕ 5.1 ಆದರೆ ಉತ್ತರ 36 ಮೀಟರ್. ಆರು ಮೀಟರಿನ ತಪ್ಪು. 'ಲೀಲಾವತಿ'ಯ ದೀಪಕ್ಕೂ ಇದೇ ಮಾತು. ಅಲ್ಲಿ ಭಾಜಕ ಬರೀ 4 ಅಂಗುಲ. ಎರಡನೆಯ ನೆರಳನ್ನು ಅರ್ಧ ಅಂಗುಲ ಕಡಿಮೆ ಓದಿದರೆ ವ್ಯತ್ಯಾಸ ಮೂರೂವರೆಗೆ ಇಳಿದು, ತುದಿಗಳ ಅಂತರ ಐವತ್ತೊಂದೂವರೆಯಾಗಿ, ದೀಪ 176 ಅಂಗುಲ ದಾಟುತ್ತದೆ. ಪುಸ್ತಕದ ಲೆಕ್ಕದಲ್ಲಿ ಸಂಖ್ಯೆಗಳು ಪೂರ್ಣವಾದ್ದರಿಂದ ಈ ದೌರ್ಬಲ್ಯ ಎದ್ದು ಕಾಣುವುದಿಲ್ಲ.

ತುದಿ ಯಾವುದು?

ಗುರುತು ಹಾಕುವುದರಲ್ಲೇ ಒಂದು ಸೆಂ.ಮೀ. ತಪ್ಪು ಏಕೆ ಬರಬೇಕು? ಸೂರ್ಯ ಒಂದು ಬಿಂದುವಲ್ಲ, ಅರ್ಧ ಡಿಗ್ರಿಯಷ್ಟು ಅಗಲದ ಬಿಂಬ. ಅದರ ವ್ಯಾಸಕ್ಕೂ ದೂರಕ್ಕೂ ಇರುವ ಅನುಪಾತ ಸುಮಾರು 1ಕ್ಕೆ 107. ಆದ್ದರಿಂದ ಪ್ರತಿ ನೆರಳಿನ ಅಂಚಿನಲ್ಲೂ ಕಪ್ಪಿನಿಂದ ಬೆಳಕಿಗೆ ನಿಧಾನವಾಗಿ ಮಾಸುವ ಅರೆನೆರಳಿನ ಪಟ್ಟಿ ಇರುತ್ತದೆ. ಮೂರು ಗಂಟೆಯ ಗುರುತಿನ ಹೊತ್ತಿಗೆ ನಮ್ಮ ಕೋಲಿನ ತುದಿಯಲ್ಲಿ ಈ ಪಟ್ಟಿ ಸುಮಾರು 2 ಸೆಂ.ಮೀ., ಗೋಪುರದ ತುದಿಯಲ್ಲಿ ಸುಮಾರು 60 ಸೆಂ.ಮೀ. ಪಟ್ಟಿಯ ಅಗಲವೂ ಎತ್ತರದ ಪ್ರಮಾಣದಲ್ಲೇ ಬೆಳೆಯುವುದರಿಂದ ಎರಡು ಕಡೆಯೂ ಅದರ ನಡುಭಾಗವನ್ನೇ ಗುರುತಿಸಿದರೆ ಅನುಪಾತ ಕೆಡುವುದಿಲ್ಲ. ಒಂದು ಕಡೆ ಕಪ್ಪು ಮುಗಿಯುವಲ್ಲಿ, ಇನ್ನೊಂದು ಕಡೆ ಬೆಳಕು ಶುರುವಾಗುವಲ್ಲಿ ಗುರುತಿಸಿದರೆ ಕೆಡುತ್ತದೆ.

ಸಪೂರ ತುದಿಗಳದ್ದು ಇನ್ನೊಂದು ಬಗೆಯ ತೊಂದರೆ. ಒಂದು ವಸ್ತುವಿನ ದಪ್ಪದ 107 ಪಟ್ಟು ದೂರ ದಾಟಿದರೆ ಅದರ ಪೂರ್ಣ ನೆರಳು ಇಲ್ಲವಾಗುತ್ತದೆ. ಕಲಶದ ಮೇಲೆ 5 ಸೆಂ.ಮೀ. ದಪ್ಪದ ಸಲಾಕೆ ಇದ್ದರೆ ಅದರ ಗಟ್ಟಿ ನೆರಳು ಐದೂವರೆ ಮೀಟರಿನೊಳಗೇ ಮುಗಿಯುತ್ತದೆ. ಮೂವತ್ತು ಮೀಟರ್ ಎತ್ತರದಿಂದ ಅದು ನೆಲ ಮುಟ್ಟುವ ಹೊತ್ತಿಗೆ ಕಣ್ಣಿಗೆ ಬೀಳದಷ್ಟು ಮಾಸಿರುತ್ತದೆ. ಅಂಗಳದಲ್ಲಿ 'ತುದಿ' ಎಂದು ಕಾಣುವುದು ಕಲಶದ ಹೊಟ್ಟೆಯ ನೆರಳು. ಹಾಗೆ ಬಂದ ಎತ್ತರ ಯಾವ ಭಾಗದವರೆಗಿನದು ಎಂದು ಟಿಪ್ಪಣಿಯಲ್ಲಿ ಬರೆದಿಡದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ಎರಡು ಗುರುತುಗಳೂ ಒಂದೇ ಭಾಗದ ನೆರಳಿಗೆ ಸೇರಿರಬೇಕೆಂಬುದಂತೂ ಕಡ್ಡಾಯ.

ಪರೀಕ್ಷಿಸುವ ಕ್ರಮ

ನೆಲ ಏರುತಗ್ಗಾಗಿದ್ದರೆ ಸಮರೂಪತೆಯೇ ಮುರಿಯುತ್ತದೆ. ಮಾದರಿಯ ಎರಡನೆಯ ತುದಿ ಬೀಳುವ ಜಾಗ 30 ಸೆಂ.ಮೀ. ತಗ್ಗಿನಲ್ಲಿದ್ದರೆ ನೆರಳು ಅಲ್ಲಿ 30 ಸೆಂ.ಮೀ.ಗಿಂತ ತುಸು ಹೆಚ್ಚೇ ಮುಂದೆ ಹೋಗಿ ಬೀಳುತ್ತದೆ. ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಗುರುತುಗಳ ಮಟ್ಟ ನೋಡಿಕೊಳ್ಳುವುದು ಇದಕ್ಕೆ ಪರಿಹಾರ.

ಎರಡೇ ಗುರುತುಗಳಿಂದ ಬಂದ ಉತ್ತರ ಸರಿಯೋ ತಪ್ಪೋ ತಿಳಿಯುವುದಿಲ್ಲ. ಅರ್ಧ ಗಂಟೆಗೊಂದರಂತೆ ಮೂರು ಗುರುತು ಹಾಕಿದರೆ ತಿಳಿಯುತ್ತದೆ. ಆಗ ಕೋಲಿನ ಬಳಿ ಮೂರು ಬಿಂದುಗಳ ಒಂದು ಆಕೃತಿ, ಅಂಗಳದಲ್ಲಿ ಅದರದೇ ಹಿಗ್ಗಿಸಿದ ಆಕೃತಿ ಸಿಗುತ್ತದೆ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಒಂದರಿಂದ ಮೂರಕ್ಕೆ ಸರಿದ ದೂರಗಳ ಅನುಪಾತ ಮೂರೂ ಒಂದೇ ಬರಬೇಕು. ಒಂದು ಅನುಪಾತ ಸಿಡಿದು ನಿಂತರೆ ಯಾವುದೋ ಗುರುತು ಬೇರೆ ಭಾಗದ ನೆರಳಿಗೆ ಸೇರಿದೆ, ಇಲ್ಲವೇ ನೆಲ ಸಮವಿಲ್ಲ. ಮೂರೂ ಹೊಂದಿದರೆ ಒಂದರಿಂದ ಮೂರರವರೆಗಿನ ದೂರದಿಂದ ಬಂದ ಎತ್ತರವನ್ನು ಉತ್ತರವಾಗಿ ಇಟ್ಟುಕೊಳ್ಳಬೇಕು, ಏಕೆಂದರೆ ಅದರ ಭಾಜಕ ಎಲ್ಲಕ್ಕಿಂತ ದೊಡ್ಡದು. ಉಳಿದೆರಡು ಅನುಪಾತಗಳು ಅದರಿಂದ ಎಷ್ಟು ದೂರ ನಿಂತಿವೆ ಎಂಬುದೇ ಆ ಉತ್ತರದ ಅನಿಶ್ಚಿತತೆಯ ಅಂದಾಜು, ಅದನ್ನೂ ಎತ್ತರದ ಪಕ್ಕದಲ್ಲೇ ಬರೆಯಬೇಕು.