ಆಸ್ಪತ್ರೆಯ ಬಾಗಿಲ ಆಚೆ, ಈಚೆ: ನಾಯಿಯ ಜಠರ ತಿರುಚುವಿಕೆಯಲ್ಲಿ ಶಸ್ತ್ರಚಿಕಿತ್ಸೆಯ ಕಾಲನಿರ್ಣಯ

ಆಳವಾದ, ಕಿರಿದಾದ ಎದೆಗೂಡಿನ ದೊಡ್ಡ ನಾಯಿಗಳಲ್ಲಿ ಜಠರವು ಗಾಳಿ ತುಂಬಿ ಉಬ್ಬಿ, ತನ್ನ ಅಕ್ಷದ ಸುತ್ತ ತಿರುಚಿಕೊಳ್ಳುತ್ತದೆ ಎಂಬುದರಲ್ಲಿ ವಿವಾದವಿಲ್ಲ. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಐರಿಶ್ ಸೆಟರ್, ವೈಮರಾನರ್ ತಳಿಗಳು ಮತ್ತೆ ಮತ್ತೆ ಪಟ್ಟಿಯಲ್ಲಿ ಬರುತ್ತವೆ. ವಯಸ್ಸು ಹೆಚ್ಚಿದಂತೆ ಅಪಾಯ ಏರುತ್ತದೆ. ತಂದೆ, ತಾಯಿ ಅಥವಾ ಒಡಹುಟ್ಟಿದ ನಾಯಿಗೆ ಈ ರೋಗ ಬಂದಿದ್ದರೆ ಇನ್ನೂ ಏರುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಗ್ಲಿಕ್‌ಮನ್ ಮತ್ತು ಸಂಗಡಿಗರು 11 ತಳಿಗಳ ಮೇಲೆ ನಡೆಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನಗಳು ಈ ತಿಳಿವಳಿಕೆಗೆ ತಳಹದಿ. ಗಬಗಬನೆ ತಿನ್ನುವುದೂ, ಬಟ್ಟಲನ್ನು ಎತ್ತರದಲ್ಲಿಟ್ಟು ಉಣಿಸುವುದೂ ಅಪಾಯ ಹೆಚ್ಚಿಸುತ್ತವೆ ಎಂದು ಅವರು ಕಂಡರು. ಎತ್ತರದ ಬಟ್ಟಲು ನಾಯಿಯನ್ನು ಕಾಪಾಡುತ್ತದೆಂದು ಅಲ್ಲಿಯವರೆಗೆ ನಂಬಿದ್ದ ಸಾಕಣೆದಾರರಿಗೆ ಇದು ಅನಿರೀಕ್ಷಿತವಾಗಿತ್ತು.

ನನ್ನ ತಕರಾರು ಇರುವುದು ಬೇರೆ ಕಡೆ. ಈ ರೋಗವನ್ನು ಶಸ್ತ್ರಚಿಕಿತ್ಸೆಯ ತುರ್ತು ಎಂದು ಪಠ್ಯಪುಸ್ತಕಗಳು ಕರೆಯುತ್ತವೆ. ಆದರೆ ತುರ್ತು ಎಷ್ಟರಮಟ್ಟಿನದು, ಅದನ್ನು ಯಾವ ಗಳಿಗೆಯಿಂದ ಎಣಿಸಬೇಕು ಎಂಬ ಬಗ್ಗೆ ಎರಡು ಪ್ರಮುಖ ಲೇಖನಗಳು ಮೇಲ್ನೋಟಕ್ಕೆ ಒಂದಕ್ಕೊಂದು ಎದುರು ನಿಲ್ಲುತ್ತವೆ. 2006ರಲ್ಲಿ ಬೆಕ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಗೊಳಗಾದ 166 ನಾಯಿಗಳ ದಾಖಲೆ ಪರಿಶೀಲಿಸಿ, ಲಕ್ಷಣ ಕಾಣಿಸಿಕೊಂಡು 6 ಗಂಟೆಗೂ ಹೆಚ್ಚು ಕಾಲ ಕಳೆದ ಮೇಲೆ ವೈದ್ಯರ ಕೈಗೆ ಬಂದ ನಾಯಿಗಳು ಹೆಚ್ಚು ಸತ್ತವು ಎಂದು ತೋರಿಸಿದರು. 2010ರಲ್ಲಿ ಮೆಕೆಂಜಿ ಮತ್ತು ಸಂಗಡಿಗರು 306 ನಾಯಿಗಳ ದಾಖಲೆಗಳಿಂದ ಮತ್ತೊಂದು ಮಾತು ಹೇಳಿದರು: ಆಸ್ಪತ್ರೆಗೆ ಬಂದ ಮೇಲೆ ಶಸ್ತ್ರಚಿಕಿತ್ಸೆಗೆ ಹೆಚ್ಚು ಹೊತ್ತು ಹಿಡಿದ ನಾಯಿಗಳಲ್ಲಿ ಸಾವು ಕಡಿಮೆ. ಈ ಎರಡನೆಯ ಮಾತನ್ನು ಹಿಡಿದುಕೊಂಡು, ಗಾಳಿ ತೆಗೆದ ಮೇಲೆ ಬೆಳಗಿನವರೆಗೆ ಕಾಯಬಹುದು ಎನ್ನುವ ವಾದ ಬಲಗೊಂಡಿದೆ. ಆ ದತ್ತಾಂಶ ಅಷ್ಟು ದೂರದ ತೀರ್ಮಾನಕ್ಕೆ ದಾರಿ ಕೊಡುವುದಿಲ್ಲ ಎಂಬುದು ನನ್ನ ನಿಲುವು.

ವಾದಕ್ಕೆ ಮೊದಲು ದೇಹದೊಳಗೆ ಏನಾಗುತ್ತದೆಂದು ನೋಡಬೇಕು. ನಾಯಿಯನ್ನು ಅಂಗಾತ ಮಲಗಿಸಿ, ಪಕ್ಕದಲ್ಲಿ ನಿಂತು ತಲೆಯ ಕಡೆಗೆ ನೋಡಿದರೆ ಜಠರ ಸಾಮಾನ್ಯವಾಗಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿರುತ್ತದೆ. ಬಲಗಡೆ ಇರಬೇಕಾದ ಜಠರದ ಹೊರಬಾಯಿ ಹೊಟ್ಟೆಯ ತಳಭಾಗದಿಂದ ಹಾದು ಎಡಕ್ಕೆ ಬಂದು ಅನ್ನನಾಳದ ಬಳಿ ಸೇರುತ್ತದೆ. ಗುಲ್ಮವೂ ಜೊತೆಗೆ ಎಳೆಯಲ್ಪಡುತ್ತದೆ. ಹೀಗೆ ಎರಡೂ ಬಾಯಿ ಮುಚ್ಚಿದ ಜಠರದಿಂದ ಗಾಳಿ ತೇಗಾಗಿಯೂ ಹೊರಬರುವುದಿಲ್ಲ, ಕರುಳಿಗೂ ಇಳಿಯುವುದಿಲ್ಲ. ಉಬ್ಬಿದ ಜಠರ ಹಿಂಭಾಗದ ಮಹಾಸಿರೆಯನ್ನೂ ಯಕೃತ್ತಿಗೆ ಹೋಗುವ ಸಿರೆಯನ್ನೂ ಅದುಮುತ್ತದೆ. ದೇಹದ ಹಿಂಭಾಗದ ರಕ್ತ ಹೃದಯಕ್ಕೆ ಮರಳುವುದು ತೀರ ಕಡಿಮೆಯಾಗಿ ನಾಯಿ ಶಾಕ್‌ಗೆ ಜಾರುತ್ತದೆ. ವಪೆಯ ಮೇಲೆ ಒತ್ತಡ ಬಿದ್ದು ಮೇಲುಸಿರು ಬರುತ್ತದೆ. ಈ ಮೊದಲ ಹಾನಿಗೆ ಕಾರಣ ಒತ್ತಡ.

ಎರಡನೆಯ ಹಾನಿ ತಿರುಚಿನಿಂದ ಆಗುವಂಥದ್ದು. ಜಠರದ ದೊಡ್ಡ ಬಾಗಿಗೆ ರಕ್ತ ತರುವ ಕಿರುಧಮನಿಗಳು ಗುಲ್ಮದ ಧಮನಿಯಿಂದ ಕವಲೊಡೆದವು. ಜಠರ ತಿರುಗುವಾಗ ಇವು ಜಗ್ಗುತ್ತವೆ, ಕೆಲವೊಮ್ಮೆ ಹರಿದೇ ಹೋಗುತ್ತವೆ. ಆ ಭಾಗದ ಗೋಡೆ ರಕ್ತವಿಲ್ಲದೆ ಸಾಯತೊಡಗುತ್ತದೆ. ಸೂಜಿ ಚುಚ್ಚಿ ಗಾಳಿ ತೆಗೆದರೆ ಒತ್ತಡ ಇಳಿಯುತ್ತದೆ. ಆದರೆ ತಿರುಚು ಅಲ್ಲೇ ಉಳಿಯಬಹುದು, ಹರಿದ ಧಮನಿಯಂತೂ ಕೂಡಿಕೊಳ್ಳುವುದಿಲ್ಲ. ನನ್ನ ವಾದವೆಲ್ಲ ನಿಂತಿರುವುದು ಈ ಎರಡು ಹಾನಿಗಳ ಭೇದದ ಮೇಲೆ.

ಈಗ ಆ ಎರಡು ಲೇಖನಗಳಿಗೆ ಬರೋಣ. ಬೆಕ್ ಎಣಿಸಿದ್ದು ಬಾಗಿಲ ಆಚೆಗಿನ ಗಂಟೆಗಳನ್ನು. ಆ ಹೊತ್ತಿನಲ್ಲಿ ನಾಯಿ ಮನೆಯಲ್ಲೋ ಕಾರಿನಲ್ಲೋ ಇರುತ್ತದೆ; ಒತ್ತಡ, ತಿರುಚು ಎರಡೂ ತಡೆಯಿಲ್ಲದೆ ಕೆಲಸ ಮಾಡುತ್ತಿರುತ್ತವೆ. ಮೆಕೆಂಜಿ ಎಣಿಸಿದ್ದು ಬಾಗಿಲ ಈಚೆಗಿನ ಗಂಟೆಗಳನ್ನು. ಅಲ್ಲಿ ಡ್ರಿಪ್ ಓಡುತ್ತಿರುತ್ತದೆ, ಗಾಳಿ ಹೊರಹೋಗಿರುತ್ತದೆ, ಹೃದಯದ ಬಡಿತದ ಮೇಲೆ ಕಣ್ಣಿರುತ್ತದೆ. ಎರಡನ್ನೂ ‘ವಿಳಂಬ’ ಎಂಬ ಒಂದೇ ಹೆಸರಿನಡಿ ತಂದರೆ ವಿರೋಧ ಕಾಣುತ್ತದೆ. ಬಿಡಿಸಿ ನೋಡಿದರೆ ಕಾಣುವುದಿಲ್ಲ.

ಇಷ್ಟಕ್ಕೇ ಪ್ರಶ್ನೆ ಮುಗಿಯುವುದಿಲ್ಲ. ಬಾಗಿಲ ಈಚೆಗಿನ ಕಾಯುವಿಕೆಯೇ ನಾಯಿಯನ್ನು ಉಳಿಸಿತು ಎನ್ನಬಹುದೇ? ಎರಡು ಕಾರಣಗಳಿಂದ ನಾನು ಹಿಂಜರಿಯುತ್ತೇನೆ. ಮೊದಲನೆಯದು ರೋಗದ ತೀವ್ರತೆ. ಯಾವ ಶಸ್ತ್ರಚಿಕಿತ್ಸಕರೂ ಎಲ್ಲ ನಾಯಿಗಳನ್ನು ಸಮನಾಗಿ ಕಾಯಿಸುವುದಿಲ್ಲ. ಗಾಳಿ ತೆಗೆದರೂ ನಾಡಿ ಸುಧಾರಿಸದ ನಾಯಿಯನ್ನು ಕೂಡಲೇ ಮೇಜಿಗೆ ಒಯ್ಯುತ್ತಾರೆ. ಎದ್ದು ನಿಂತು ಬಾಲ ಆಡಿಸುವ ನಾಯಿಗೆ ಹೊತ್ತು ಕೊಡುತ್ತಾರೆ. ಹಾಗಾದಾಗ ಬೇಗ ಕತ್ತರಿಸಿದ ಗುಂಪಿನಲ್ಲಿ ಕೆಟ್ಟ ಪ್ರಕರಣಗಳು ಕೂಡಿಕೊಳ್ಳುವುದು ಸಹಜ. ಅವು ಹೆಚ್ಚು ಸತ್ತರೆ ಅದಕ್ಕೆ ಅವಸರವನ್ನು ದೂರಲಾಗದು. ಎರಡನೆಯದು ದಾಖಲೆಯ ಸ್ವರೂಪ. ಆ 306 ನಾಯಿಗಳೂ ಶಸ್ತ್ರಚಿಕಿತ್ಸೆಯನ್ನು ತಲುಪಿದವು. ಕಾಯುತ್ತಿರುವಾಗಲೇ ಪ್ರಾಣ ಬಿಟ್ಟ ನಾಯಿ ಅಂಥ ಪಟ್ಟಿಗೆ ಸೇರುವುದೇ ಇಲ್ಲ. ದೀರ್ಘಕಾಲ ಕಾದು ಮೇಜಿಗೆ ಬಂದವು ಎಂದರೆ ಅಷ್ಟು ಕಾಲ ಬದುಕುವ ಶಕ್ತಿ ಇದ್ದವು ಎಂದೇ ಅರ್ಥ. ಈ ಎರಡು ಕಾರಣಗಳು ಫಲಿತಾಂಶವನ್ನು ಪೂರ್ತಿಯಾಗಿ ವಿವರಿಸುತ್ತವೆ ಎಂದು ನಾನು ಸಾಧಿಸಲಾರೆ. ಕಾಯುವಾಗ ಸಿಗುವ ದ್ರವ ಚಿಕಿತ್ಸೆಯಿಂದ ಅರಿವಳಿಕೆ ಸುರಕ್ಷಿತವಾಗುತ್ತದೆ ಎಂಬುದು ನಿಜವಾದ ಲಾಭ. ಅದರ ಪಾಲೂ ಆ ಅಂಕಿಯಲ್ಲಿ ಇದ್ದೀತು. ಆದರೂ ಅದು ಒಂದೆರಡು ಗಂಟೆಯ ಸ್ಥಿರೀಕರಣದ ಲಾಭ. ಇಡೀ ರಾತ್ರಿಯ ಕಾಯುವಿಕೆಗೆ ಅದನ್ನು ಹಿಗ್ಗಿಸಲು ಆಧಾರ ಸಾಲದು.

ಒಂದು ಮಾದರಿ ಪ್ರಕರಣವನ್ನು ಕಲ್ಪಿಸಿಕೊಂಡರೆ ಇದು ಸ್ಪಷ್ಟವಾದೀತು. ಏಳು ವರ್ಷದ, 50 ಕೆಜಿ ತೂಕದ ಗಂಡು ಗ್ರೇಟ್ ಡೇನ್ ರಾತ್ರಿ 8ಕ್ಕೆ ಊಟ ಮಾಡಿದೆ. 9.30ಕ್ಕೆ ಮಲಗಲಾರದೆ ಎದ್ದು ಎದ್ದು ಓಡಾಡುತ್ತದೆ, ತನ್ನ ಪಕ್ಕೆಯನ್ನೇ ತಿರುಗಿ ನೋಡುತ್ತದೆ. ಆಮೇಲೆ ಓಕರಿಸತೊಡಗುತ್ತದೆ, ಆದರೆ ಬಾಯಿಂದ ಬರುವುದು ನೊರೆಯೂ ಗಟ್ಟಿ ಜೊಲ್ಲೂ ಮಾತ್ರ, ತಿಂದ ಅನ್ನ ಬರುವುದಿಲ್ಲ. ಮನೆಯವರು ಗುರುತಿಸಬೇಕಾದ ಲಕ್ಷಣಗಳಲ್ಲಿ ಈ ಬರಿ ಓಕರಿಕೆಯನ್ನೇ ನಾನು ಎಲ್ಲಕ್ಕಿಂತ ಮುಂದಿಡುತ್ತೇನೆ. ಹೊಟ್ಟೆ ಉಬ್ಬಿದೆಯೇ ಎಂದು ನೋಡುತ್ತ ಕುಳಿತರೆ ಮೋಸ ಹೋಗಬಹುದು, ಏಕೆಂದರೆ ಆಳ ಎದೆಯ ನಾಯಿಯಲ್ಲಿ ಜಠರದ ಬಹುಭಾಗ ಪಕ್ಕೆಲುಬುಗಳ ಅಡಿಯಲ್ಲೇ ಇರುತ್ತದೆ. ಮೊದಲ ಹಂತದ ಉಬ್ಬು ಹೊರಗೆ ಕಾಣದೇ ಹೋಗಬಹುದು. ವಸಡು ಬಿಳಿಚಿಕೊಂಡು, ಬೆರಳಿಂದ ಒತ್ತಿ ಬಿಟ್ಟಾಗ ಕೆಂಪು ಮರಳಲು 2 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಶಾಕ್ ಆಗಲೇ ಶುರುವಾಗಿದೆ.

ನಾಯಿ 11ಕ್ಕೆ ಆಸ್ಪತ್ರೆ ತಲುಪುತ್ತದೆ ಎನ್ನೋಣ. ಹೃದಯ ನಿಮಿಷಕ್ಕೆ 170 ಬಾರಿ ಬಡಿಯುತ್ತಿದೆ, ತೊಡೆಯ ನಾಡಿ ಕ್ಷೀಣ, ರಕ್ತದ ಲ್ಯಾಕ್ಟೇಟ್ ಲೀಟರಿಗೆ 8 ಮಿಲಿಮೋಲ್. ಕ್ಯಾತಿಟರ್ ಹಾಕುವುದು ಮುಂಗಾಲಿಗೆ. ಹಿಂಗಾಲಿಗೆ ಕೊಟ್ಟ ದ್ರವ ಅದುಮಿದ ಮಹಾಸಿರೆಯನ್ನು ದಾಟಿ ಹೃದಯ ಸೇರುವುದು ಕಷ್ಟ. ಶಾಕ್‌ನ ಪೂರ್ಣ ಪ್ರಮಾಣ ಕೆಜಿಗೆ 90 ಮಿಲಿಲೀಟರ್, ಅಂದರೆ ಈ ನಾಯಿಗೆ ನಾಲ್ಕೂವರೆ ಲೀಟರ್. ಅದನ್ನು ಒಮ್ಮೆಗೇ ಸುರಿಯದೆ ಮೊದಲು ಕಾಲುಭಾಗ, ಸುಮಾರು 1,125 ಮಿಲಿಲೀಟರ್, ಸುಮಾರು 15 ನಿಮಿಷದಲ್ಲಿ ಕೊಟ್ಟು ನಾಡಿ ಮತ್ತೆ ನೋಡುತ್ತಾರೆ. ಜೊತೆಜೊತೆಗೇ ಕೊನೆಯ ಪಕ್ಕೆಲುಬಿನ ಹಿಂದೆ, ಬೆರಳಿನಿಂದ ತಟ್ಟಿದಾಗ ತಮಟೆಯಂತೆ ನಾದ ಬರುವ ಜಾಗದಲ್ಲಿ ಕೂದಲು ಬೋಳಿಸಿ, ದಪ್ಪ ಸೂಜಿ ಚುಚ್ಚಿ ಗಾಳಿ ಬಿಡುತ್ತಾರೆ. ಇಲ್ಲವೇ ಬಾಯಿಂದ ನಳಿಕೆ ಇಳಿಸುತ್ತಾರೆ. ನಳಿಕೆ ಸಲೀಸಾಗಿ ಇಳಿದ ಮಾತ್ರಕ್ಕೆ ತಿರುಚಿಲ್ಲ ಎಂದು ತಿಳಿಯಬಾರದು. ತಿರುಚಿದ ಜಠರಕ್ಕೂ ನಳಿಕೆ ಹೋಗುವುದುಂಟು. ತಿರುಚನ್ನು ತೋರಿಸುವುದು ಬಲಮಗ್ಗುಲಲ್ಲಿ ಮಲಗಿಸಿ ತೆಗೆದ ಎಕ್ಸ್‌ರೇ. ಗಾಳಿ ತುಂಬಿದ ಜಠರ ನಡುವೆ ಒಂದು ಗೆರೆಯಿಂದ ಎರಡು ಕೋಣೆಯಾಗಿ ಕಾಣುತ್ತದೆ.

ಗಂಟೆಯ ನಂತರ ಲ್ಯಾಕ್ಟೇಟ್ 8ರಿಂದ 3.5ಕ್ಕೆ ಇಳಿದಿದ್ದರೆ ಒತ್ತಡದ ಹಾನಿ ಹಿಮ್ಮೆಟ್ಟುತ್ತಿದೆ ಎನ್ನಬಹುದು. ಅರಿವಳಿಕೆಗೆ ಇದು ಒಳ್ಳೆಯ ಗಳಿಗೆ. ಅದೇ 8ರಿಂದ 6.5ಕ್ಕೆ ಮಾತ್ರ ಇಳಿದಿದ್ದರೆ? ಗಾಳಿ ಹೋಗಿದೆ, ದ್ರವ ಸಿಕ್ಕಿದೆ, ಆದರೂ ಎಲ್ಲೋ ಅಂಗಾಂಶ ಸಾಯುತ್ತಿದೆ ಎಂಬ ಅನುಮಾನ ಬಲವಾಗುತ್ತದೆ. 64 ನಾಯಿಗಳನ್ನು ಪರಿಶೀಲಿಸಿದ ಝಾಕರ್ ಮತ್ತು ಸಂಗಡಿಗರ 2010ರ ಲೇಖನದಲ್ಲಿ, ಮೊದಲ ಲ್ಯಾಕ್ಟೇಟ್ 9ಕ್ಕಿಂತ ಹೆಚ್ಚಿದ್ದ ನಾಯಿಗಳ ಪೈಕಿ ಚಿಕಿತ್ಸೆಯಿಂದ ಅದು ಸಾಕಷ್ಟು ಇಳಿಯದವುಗಳಲ್ಲಿ ಹೆಚ್ಚಿನವು ಉಳಿಯಲಿಲ್ಲ. ಆ ಮಾತನ್ನು 8ರಿಂದ ಹೊರಟ ನಮ್ಮ ನಾಯಿಗೆ ನೇರವಾಗಿ ಅನ್ವಯಿಸಲಾಗದು. ಆದರೆ ಒಂದೇ ಅಳತೆಗಿಂತ ಇಳಿಕೆಯ ವೇಗ ಹೆಚ್ಚು ಹೇಳುತ್ತದೆ ಎಂಬ ತರ್ಕ ಇಲ್ಲಿಗೂ ಸಲ್ಲುತ್ತದೆ. ಹೀಗೆ ಸುಧಾರಿಸದ ನಾಯಿಯನ್ನು ಇನ್ನಷ್ಟು ಸ್ಥಿರಗೊಳಿಸುತ್ತ ಕೂರುವುದು ತಪ್ಪೆಂದು ನಾನು ಭಾವಿಸುತ್ತೇನೆ. ಅದನ್ನು ಅಸ್ಥಿರವಾಗಿಟ್ಟಿರುವುದೇ ತಿರುಚು ಆಗಿರಬಹುದು, ಮತ್ತು ತಿರುಚು ಬಿಡಿಸಲು ಖಚಿತವಾದ ದಾರಿ ಹೊಟ್ಟೆ ತೆರೆಯುವುದು.

ತೆರೆದ ಮೇಲೆ ಜಠರವನ್ನು ಸ್ವಸ್ಥಾನಕ್ಕೆ ತಿರುಗಿಸಿ, ಕೆಲವು ನಿಮಿಷ ಬಿಟ್ಟು ಬಣ್ಣ ನೋಡುತ್ತಾರೆ. ಕಂದಿದ ಕೆಂಪು ತಿಳಿಯಾಗುತ್ತ ಬಂದರೆ ಗೋಡೆ ಉಳಿಯುತ್ತದೆ. ಬೂದು-ಹಸಿರಾಗಿ ಅಥವಾ ಕಪ್ಪಾಗಿ ತೆಳುವಾದ ಭಾಗವನ್ನು ತೆಗೆದುಹಾಕಬೇಕು. ಕೊನೆಗೆ ಜಠರದ ಹೊರಬಾಯಿಯ ಬಳಿಯ ಭಾಗವನ್ನು ಬಲಗಡೆಯ ಹೊಟ್ಟೆಗೋಡೆಗೆ ಹೊಲಿದು ಕಟ್ಟುತ್ತಾರೆ. ಈ ಗ್ಯಾಸ್ಟ್ರೋಪೆಕ್ಸಿಯನ್ನು ಬಿಟ್ಟರೆ ಏನಾಗುತ್ತದೆಂದು ಗ್ಲಿಕ್‌ಮನ್ ಮತ್ತು ಸಂಗಡಿಗರು 136 ನಾಯಿಗಳನ್ನು ಅನುಸರಿಸಿ 1998ರಲ್ಲಿ ಬರೆದಿದ್ದಾರೆ: ಕಟ್ಟಿದವುಗಳಲ್ಲಿ ಶೇ. 4.3ರಷ್ಟಕ್ಕೆ ರೋಗ ಮರುಕಳಿಸಿತು, ಕಟ್ಟದವುಗಳಲ್ಲಿ ಶೇ. 54.5ರಷ್ಟಕ್ಕೆ. ಗಾಳಿ ತೆಗೆದ ಮೇಲೆ ಗೆಲುವಾಗಿ ಕಂಡ ನಾಯಿಯನ್ನು ಶಸ್ತ್ರಚಿಕಿತ್ಸೆ ಇಲ್ಲದೆ ಮನೆಗೆ ಕಳಿಸುವುದಕ್ಕೆ ನನ್ನ ವಿರೋಧ ಈ ಅಂಕಿಯಿಂದಲೇ ಬಂದದ್ದು.

ಮೊದಲು ಗಾಳಿ ತೆಗೆದು, ಶಸ್ತ್ರಚಿಕಿತ್ಸೆಯನ್ನು ಉದ್ದೇಶಪೂರ್ವಕವಾಗಿ ಮುಂದೂಡುವ ಎರಡು ಹಂತದ ವಿಧಾನವೊಂದರ ವರದಿ 2021ರಲ್ಲಿ ಬಂದಿದೆ. ರಾತ್ರಿ ಶಸ್ತ್ರಚಿಕಿತ್ಸಕರಿಲ್ಲದ ಊರುಗಳಲ್ಲಿ, ನಾಯಿಯನ್ನು ದೂರ ಸಾಗಿಸಬೇಕಾದಲ್ಲಿ, ಅದು ಸಾವಿಗಿಂತ ಮೇಲಾದ ಆಯ್ಕೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಆಕ್ಷೇಪ ಶಸ್ತ್ರಚಿಕಿತ್ಸಕರು ಲಭ್ಯರಿದ್ದಾಗಲೂ ಕಾಯುವುದರ ಬಗ್ಗೆ ಮಾತ್ರ. ಇದನ್ನು ಇತ್ಯರ್ಥಗೊಳಿಸಲು ಹಳೆಯ ಕಡತಗಳು ಸಾಲವು. ಲಕ್ಷಣ ಶುರುವಾದ ಗಳಿಗೆ, ಗಾಳಿ ತೆಗೆದ ಗಳಿಗೆ, ಕತ್ತರಿಸಿದ ಗಳಿಗೆ ಮೂರನ್ನೂ ಬೇರೆಬೇರೆಯಾಗಿ ಬರೆದಿಟ್ಟು, ಕಾಯುವಾಗ ಸತ್ತ ನಾಯಿಗಳನ್ನೂ ಲೆಕ್ಕಕ್ಕೆ ಸೇರಿಸುವ ಅಧ್ಯಯನ ಬೇಕು. ಪರ್ಡ್ಯೂ ಅಧ್ಯಯನದ 11 ತಳಿಗಳಲ್ಲಿ ನಮ್ಮ ಮುಧೋಳ ನಾಯಿ ಇಲ್ಲ. ಎದೆ ಆಳವಾದರೂ ಮೈ ತೆಳುವಾದ, ಭಾರ ಕಡಿಮೆಯಾದ ಈ ಬೇಟೆನಾಯಿಗೆ ಗ್ರೇಟ್ ಡೇನ್‌ನ ಅಪಾಯದ ಅಂಕಿಗಳನ್ನು ಹಾಗೆಯೇ ಹಚ್ಚಬಹುದೇ ಎಂಬುದೂ ಆ ಅಧ್ಯಯನದ ಜೊತೆಗೇ ಕೇಳಬೇಕಾದ ಪ್ರಶ್ನೆ.