Explainer: ಖರೀದಿಯಾದ ಕಂಪನಿಯೇ ಸಾಲ ತೀರಿಸುವುದು ಹೇಗೆ? ಟಾಟಾ ಟೀ–ಟೆಟ್ಲಿ ಒಪ್ಪಂದ ಹೇಳುವ ಪಾಠ

ಕೋಲ್ಕತ್ತಾದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಟಾಟಾ ಟೀ ಕಂಪನಿ 2000ನೇ ಇಸವಿಯಲ್ಲಿ ತನಗಿಂತ ದೊಡ್ಡದಾಗಿದ್ದ ಬ್ರಿಟನ್‌ನ ಟೆಟ್ಲಿ ಕಂಪನಿಯನ್ನು 27.1 ಕೋಟಿ ಪೌಂಡ್‌ಗೆ ಖರೀದಿಸಿತು. ಇದರಲ್ಲಿ ಬಹುಪಾಲು ಸಾಲದ ಹಣ. ಅದನ್ನು ತೀರಿಸುವ ಹೊಣೆ ಬಿದ್ದಿದ್ದು ಮಾತ್ರ ಟೆಟ್ಲಿಯ ಮೇಲೆ! ಇಂತಹ ಖರೀದಿಯನ್ನೇ ಲಿವರೇಜ್ಡ್ ಬೈಔಟ್ ಎನ್ನುತ್ತಾರೆ.

ಹಣ ಹೊಂದಿಸಿದ್ದು ಹೇಗೆ?

ಟಾಟಾ ಟೀ ನೇರವಾಗಿ ಸಾಲ ಮಾಡಲಿಲ್ಲ. ಈ ಖರೀದಿಗಾಗಿಯೇ ಬ್ರಿಟನ್‌ನಲ್ಲಿ 'ಟಾಟಾ ಟೀ (ಗ್ರೇಟ್ ಬ್ರಿಟನ್)' ಎಂಬ ಪ್ರತ್ಯೇಕ ಕಂಪನಿ ಸ್ಥಾಪಿಸಿತು. ಅದಕ್ಕೆ ಬಂಡವಾಳವಾಗಿ ಬಂದಿದ್ದು ಸುಮಾರು 7 ಕೋಟಿ ಪೌಂಡ್. ಉಳಿದ ಸುಮಾರು 23.5 ಕೋಟಿ ಪೌಂಡ್ ಸಾಲ. ಈ ಸಾಲ ಹೊಂದಿಸಿಕೊಡುವಲ್ಲಿ ನೆದರ್‌ಲ್ಯಾಂಡ್ಸ್‌ನ ರಾಬೋಬ್ಯಾಂಕ್ ಮುಖ್ಯ ಪಾತ್ರ ವಹಿಸಿತು. ಖರೀದಿ ಬೆಲೆಗಿಂತ ಹೆಚ್ಚುವರಿಯಾಗಿ ಸಂಗ್ರಹಿಸಿದ ಹಣ ಶುಲ್ಕ, ದೈನಂದಿನ ವ್ಯವಹಾರದಂತಹ ವೆಚ್ಚಗಳಿಗಾಗಿ.

ಸಾಲಕ್ಕೆ ಅಡಮಾನವಾಗಿದ್ದು ಟೆಟ್ಲಿಯ ಆಸ್ತಿ ಮತ್ತು ಬ್ರ್ಯಾಂಡ್. ಹೀಗಾಗಿ ಲೆಕ್ಕಾಚಾರ ತಪ್ಪಿದರೂ ಟಾಟಾ ಟೀ ಕಳೆದುಕೊಳ್ಳುವುದು ತಾನು ಹಾಕಿದ ಬಂಡವಾಳವನ್ನು ಮಾತ್ರ. ಭಾರತದಲ್ಲಿರುವ ಅದರ ಆಸ್ತಿಯನ್ನು ಸಾಲ ಕೊಟ್ಟವರು ಮುಟ್ಟುವಂತಿರಲಿಲ್ಲ.

ಸಾಲ ತೀರುವುದು ಹೇಗೆ?

ಒಂದು ಸರಳ ಲೆಕ್ಕ ನೋಡೋಣ. 100 ಕೋಟಿ ರೂ. ಬೆಲೆಯ ಕಂಪನಿಯನ್ನು 25 ಕೋಟಿ ಸ್ವಂತ ಹಣ, 75 ಕೋಟಿ ಸಾಲದಿಂದ ಕೊಂಡರು ಎಂದುಕೊಳ್ಳಿ. ಬಡ್ಡಿ ಶೇ. 10. ಮೊದಲ ವರ್ಷದ ಬಡ್ಡಿ 7.5 ಕೋಟಿ. ಕಂಪನಿ ತನ್ನೆಲ್ಲ ಖರ್ಚು, ತೆರಿಗೆ ಕಳೆದು ವರ್ಷಕ್ಕೆ 15 ಕೋಟಿ ನಗದು ಉಳಿಸಿದರೆ, ಬಡ್ಡಿ ಕಟ್ಟಿ ಮಿಕ್ಕ 7.5 ಕೋಟಿಯನ್ನು ಅಸಲಿಗೆ ಹಾಕಬಹುದು. ಅಸಲು ಇಳಿದಂತೆ ಬಡ್ಡಿಯೂ ಇಳಿಯುತ್ತದೆ, ಸಾಲ ಬೇಗ ಕರಗುತ್ತದೆ. ಕಂಪನಿಯ ಬೆಲೆ ಅಷ್ಟೇ ಇದ್ದರೂ ಮಾಲೀಕರ ಪಾಲು ಬೆಳೆಯುತ್ತದೆ. ಬೇಡವಾದ ಜಮೀನು, ಘಟಕಗಳನ್ನು ಮಾರಿ ಬಂದ ಹಣವನ್ನೂ ಸಾಲಕ್ಕೆ ಜಮಾ ಮಾಡಬಹುದು.

ಎಡವುವುದು ಎಲ್ಲಿ?

ಇದೇ ಕಂಪನಿಯ ನಗದು 15 ಕೋಟಿಯಿಂದ 8 ಕೋಟಿಗೆ ಕುಸಿದರೆ ಹೆಚ್ಚುಕಡಿಮೆ ಬಡ್ಡಿ ಕಟ್ಟಲಷ್ಟೇ ಸಾಕು, ಅಸಲು ಬಹುತೇಕ ಹಾಗೇ ಉಳಿಯುತ್ತದೆ. 7 ಕೋಟಿಗೆ ಇಳಿದರೆ ಬಡ್ಡಿಗೂ ಸಾಲದು. ಆಗ ಮಾಲೀಕರು ಮತ್ತೆ ಹಣ ಹಾಕಬೇಕು ಅಥವಾ ಸಾಲದ ಷರತ್ತು ಬದಲಿಸಲು ಬ್ಯಾಂಕ್ ಒಪ್ಪಬೇಕು. ಬಡ್ಡಿಯ ಎಷ್ಟು ಪಟ್ಟು ನಗದು ಬರುತ್ತಿದೆ ಎಂಬುದನ್ನು ಸಾಲ ಕೊಟ್ಟವರು ಸದಾ ಗಮನಿಸುವುದು ಇದೇ ಕಾರಣಕ್ಕೆ. ಯಂತ್ರ ದುರಸ್ತಿ, ಜಾಹೀರಾತಿಗೆ ಕತ್ತರಿ ಹಾಕಿ ಕಂತು ಕಟ್ಟುತ್ತಿದ್ದರೆ ಅದು ಅಪಾಯದ ಮುನ್ಸೂಚನೆ.

ಚಹಾದಂತಹ ದಿನಬಳಕೆಯ ವಸ್ತು ಮಾರುವ ಕಂಪನಿಗಳು ಇಂತಹ ಖರೀದಿಗೆ ಸೂಕ್ತ ಎನಿಸುವುದು ಇದರಿಂದಲೇ. ಅವುಗಳ ಮಾರಾಟದಲ್ಲಿ ಏರಿಳಿತ ಕಡಿಮೆ.

ಭಾರತದಲ್ಲಿ ಏಕೆ ಕಷ್ಟ?

2013ರ ಕಂಪನಿ ಕಾಯ್ದೆಯ ಸೆಕ್ಷನ್ 67ರ ಪ್ರಕಾರ, ಪಬ್ಲಿಕ್ ಕಂಪನಿಯೊಂದು ತನ್ನದೇ ಷೇರು ಖರೀದಿಸುವವರಿಗೆ ಸಾಲ, ಖಾತರಿ ಅಥವಾ ಅಡಮಾನದ ಮೂಲಕ ನೆರವಾಗುವಂತಿಲ್ಲ. ಆದ್ದರಿಂದ ಟೆಟ್ಲಿ ಮಾದರಿಯನ್ನು ಇಲ್ಲಿನ ಪಬ್ಲಿಕ್ ಕಂಪನಿಗಳ ಖರೀದಿಗೆ ನೇರವಾಗಿ ಬಳಸಲಾಗದು. ಟಾಟಾ ಟೀ ಈಗ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಆಗಿದೆ, ಟೆಟ್ಲಿ ಇಂದಿಗೂ ಅದರ ಬಳಿಯೇ ಇದೆ.