ಬೆಲೆ ಇಳಿದಾಗ ಸುರಕ್ಷತೆ ಎಷ್ಟು ಉಳಿಯುತ್ತದೆ? ಲಾರ್ಡ್ನರ್‌ನ 1850ರ ನಕ್ಷೆಯ ಮರು ಓದು

ವೆಚ್ಚ ಲೆಕ್ಕಶಾಸ್ತ್ರದ ಇತಿಹಾಸ ಬರೆದ ಹಿಂದಿನವರೊಬ್ಬರು ಮಾರಾಟ ಬೆಲೆ ಬದಲಾಗುವ ಲೆಕ್ಕಗಳನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ಬೆಲೆ ತಗ್ಗಿಸಿ, ಹೆಚ್ಚು ಮಾರಿ, ಹಳೆಯ ಲಾಭವನ್ನೇ ಉಳಿಸಿಕೊಂಡ ಸಂಸ್ಥೆಯ ಮಾರ್ಜಿನ್ ಆಫ್ ಸೇಫ್ಟಿ ಏರುತ್ತದೆ, ಆದ್ದರಿಂದ ಅದು ಮೊದಲಿಗಿಂತ ಭದ್ರ ಎಂಬುದು ಅವರ ತೀರ್ಮಾನ. ಅವರನ್ನು ಅನುಸರಿಸಿದ ಪಾಠಗಳಲ್ಲಿ ಈ ಮಾತು ಇಂದಿಗೂ ಉಳಿದಿದೆ. ಇದು ತಪ್ಪು. ಇದರ ಬೇರು ಇರುವುದು, ಈ ಶಾಸ್ತ್ರದ ಚರಿತ್ರೆಯನ್ನು ಹೆನ್ರಿ ಹೆಸ್‌ನ 1903ರ ಲೇಖನದಿಂದ ಆರಂಭಿಸಿ ಅದಕ್ಕೂ ಅರ್ಧ ಶತಮಾನ ಹಿಂದಿನ ಒಂದು ನಕ್ಷೆಯನ್ನು ಅರ್ಥಶಾಸ್ತ್ರದ ಪಾಲಿಗೆ ಬಿಟ್ಟುಕೊಟ್ಟಿರುವುದರಲ್ಲಿ.

ಮೊದಲು ಅವರ ವಾದ ನಿಂತಿರುವ ಬಗೆಯ ಲೆಕ್ಕವನ್ನೇ ನೋಡೋಣ. ಒಂದು ಕಾರ್ಖಾನೆ ತನ್ನ ಸರಕನ್ನು ₹100ಕ್ಕೆ ಮಾರುತ್ತದೆ. ಪ್ರತಿ ಸರಕಿನ ಬದಲಾಗುವ ವೆಚ್ಚ ₹60, ವರ್ಷದ ಸ್ಥಿರ ವೆಚ್ಚ ₹3,60,000, ಮಾರಾಟ 15,000 ಸರಕು. ಒಂದು ಸರಕಿನ ವಂತಿಗೆ ₹40, ಪಿ/ವಿ ಅನುಪಾತ ಶೇ. 40. ಬ್ರೇಕ್-ಈವನ್ ಬಿಂದು 9,000 ಸರಕು, ಅಂದರೆ ₹9,00,000ದ ಮಾರಾಟ. ಒಟ್ಟು ಮಾರಾಟ ₹15,00,000 ಆದ್ದರಿಂದ ಮಾರ್ಜಿನ್ ಆಫ್ ಸೇಫ್ಟಿ ₹6,00,000, ಲಾಭ ₹2,40,000.

ಈಗ ಬೆಲೆಯನ್ನು ಶೇ. 10 ಇಳಿಸಿ ₹90 ಮಾಡಿದರೆಂದುಕೊಳ್ಳಿ. ಬದಲಾಗುವ ವೆಚ್ಚ ಅಲುಗಾಡುವುದಿಲ್ಲ, ಹಾಗಾಗಿ ಇಳಿದ ₹10 ಪೂರ್ತಿ ವಂತಿಗೆಯಿಂದಲೇ ಹೋಗುತ್ತದೆ. ವಂತಿಗೆ ₹40ರಿಂದ ₹30ಕ್ಕೆ ಬರುತ್ತದೆ. ಬೆಲೆಯ ಇಳಿಕೆ ಶೇ. 10, ವಂತಿಗೆಯ ಇಳಿಕೆ ಶೇ. 25. ಪಿ/ವಿ ಅನುಪಾತ ಈಗ ಮೂರನೇ ಒಂದು ಭಾಗ. ಹಳೆಯ ಶೇ. 40ನ್ನೇ ಹಿಡಿದು ಮುಂದುವರಿಯುವ ವಿದ್ಯಾರ್ಥಿ ಇಲ್ಲೇ ಎಡವುತ್ತಾನೆ. ಅವನ ಉತ್ತರದಲ್ಲಿ ಬ್ರೇಕ್-ಈವನ್ ಮಾರಾಟ ₹9,00,000ದಲ್ಲೇ ನಿಂತಿದ್ದರೆ ತಪ್ಪು ಎಲ್ಲಿದೆ ಎಂದು ಹುಡುಕಬೇಕಾಗಿಯೇ ಇಲ್ಲ. ಸರಿಯಾದ ಬಿಂದು 12,000 ಸರಕು, ₹10,80,000. ಹಳೆಯ ಲಾಭವೇ ಬೇಕಾದರೆ ಸ್ಥಿರ ವೆಚ್ಚ ಮತ್ತು ಲಾಭ ಸೇರಿದ ₹6,00,000ವನ್ನು ₹30ರಿಂದ ಭಾಗಿಸಬೇಕು: 20,000 ಸರಕು, ₹18,00,000ದ ಮಾರಾಟ. ಮಾರ್ಜಿನ್ ಆಫ್ ಸೇಫ್ಟಿ ₹7,20,000.

ಆರು ಲಕ್ಷ ಏಳು ಲಕ್ಷ ಇಪ್ಪತ್ತು ಸಾವಿರವಾಯಿತಲ್ಲ, ಭದ್ರತೆ ಹೆಚ್ಚಿತಲ್ಲ ಎನ್ನುತ್ತಾರೆ ಹಿಂದಿನವರು. ಆದರೆ ಇದನ್ನು ಒಟ್ಟು ಮಾರಾಟದ ಅನುಪಾತವಾಗಿ ನೋಡಿದರೆ ಮೊದಲು 15 ಲಕ್ಷದಲ್ಲಿ 6 ಲಕ್ಷ, ಈಗ 18 ಲಕ್ಷದಲ್ಲಿ 7.2 ಲಕ್ಷ. ಎರಡೂ ಶೇ. 40. ಇದು ನಾನು ಆರಿಸಿದ ಅಂಕಿಗಳಿಂದ ಬಂದದ್ದಲ್ಲ. ಈ ಅನುಪಾತವೆಂದರೆ ಲಾಭವನ್ನು ಒಟ್ಟು ವಂತಿಗೆಯಿಂದ ಭಾಗಿಸಿದ ಫಲ. ಲಾಭವೂ ಸ್ಥಿರ ವೆಚ್ಚವೂ ಬದಲಾಗದಿದ್ದರೆ ಒಟ್ಟು ವಂತಿಗೆಯೂ ಬದಲಾಗದು, ಆಗ ಬೆಲೆ ಏನೇ ಆಗಲಿ ಅನುಪಾತ ಒಂದೇ. ರೂಪಾಯಿಯ ಮೊತ್ತ ಉಬ್ಬಿರುವುದು ಪಿ/ವಿ ಅನುಪಾತ ಕುಗ್ಗಿದ್ದರಿಂದ. ಅದೇ ಲಾಭವನ್ನು ಹುಟ್ಟಿಸಲು ಈಗ ಹೆಚ್ಚು ಮಾರಾಟ ಬೇಕಾಗಿದೆ, ಅಷ್ಟೇ. ದೌರ್ಬಲ್ಯದ ಗುರುತನ್ನು ಬಲವೆಂದು ಓದಿದ್ದಾರೆ.

ಅಲ್ಲಿಗೂ ಪ್ರಶ್ನೆ ಮುಗಿಯುವುದಿಲ್ಲ. ಶೇ. 40 ಎಂಬ ಸುರಕ್ಷತೆ ಯಾವ ಅಪಾಯದ ಎದುರಿಗಿನದು? ಬೆಲೆ ನಿಂತಲ್ಲೇ ನಿಂತು, ಮಾರಾಟದ ಪ್ರಮಾಣ ಮಾತ್ರ ಕುಸಿಯುವ ಅಪಾಯದ ಎದುರಿಗಿನದು. ಹೆಸ್‌ನ ನಕ್ಷೆಯ ಅಡ್ಡಗೆರೆಯಲ್ಲಿ ಇರುವುದು ಉತ್ಪಾದನೆಯ ಪ್ರಮಾಣ. ಕೊಲಂಬಿಯಾ ವಿಶ್ವವಿದ್ಯಾಲಯದ ವಾಲ್ಟರ್ ರೌಟೆನ್‌ಸ್ಟ್ರಾಕ್ 1930ರ ತನ್ನ ಪುಸ್ತಕದಲ್ಲಿ ಬೆಳೆಸಿದ ಪರಂಪರೆಯೂ ಇದೇ. (ಕಾರ್ಖಾನೆಯ ಎಂಜಿನಿಯರನಿಗೆ ಬೆಲೆ ಹೊರಗಿನಿಂದ ಬಂದ ಅಂಕಿ. ಅದನ್ನು ಸ್ಥಿರವೆಂದು ಹಿಡಿದದ್ದಕ್ಕೆ ಆ ಇಬ್ಬರನ್ನು ದೂರುವುದು ಅನ್ಯಾಯ. ದೂರು ಇರುವುದು ಆ ಊಹೆಯನ್ನು ಮರೆತ ಅನುಯಾಯಿಗಳ ಮೇಲೆ.)

ಡಯೋನಿಸಿಯಸ್ ಲಾರ್ಡ್ನರ್ 1850ರಲ್ಲಿ ಪ್ರಕಟಿಸಿದ 'ರೈಲ್ವೆ ಎಕಾನಮಿ'ಯಲ್ಲಿ ಇರುವುದು ಬೇರೆಯೇ ನಕ್ಷೆ. ಅಲ್ಲಿ ಅಡ್ಡಗೆರೆಯ ಮೇಲೆ ಪ್ರಮಾಣ ಇಲ್ಲ, ದರವಿದೆ. ದರ ಸೊನ್ನೆಯಾದರೆ ಆದಾಯವಿಲ್ಲ, ದರ ಮಿತಿಮೀರಿದರೆ ಸಂಚಾರವೇ ಇಲ್ಲದೆ ಮತ್ತೆ ಆದಾಯವಿಲ್ಲ. ನಡುವೆ ಆದಾಯದ ಗೆರೆ ಏರಿ ಇಳಿಯುತ್ತದೆ. ದರ ಏರಿದಂತೆ ಸಂಚಾರ ಕಡಿಮೆಯಾಗುವುದರಿಂದ ಖರ್ಚಿನ ಗೆರೆ ತಗ್ಗುತ್ತಾ ಹೋಗುತ್ತದೆ. ಜೆವನ್ಸ್ ಈ ಪುಸ್ತಕವನ್ನು 1857ರಲ್ಲಿ ಓದಿ ಪ್ರಭಾವಿತನಾದ ಸಂಗತಿ ಪ್ರಸಿದ್ಧವಾದ್ದರಿಂದ ಅರ್ಥಶಾಸ್ತ್ರಜ್ಞರು ನಕ್ಷೆಯನ್ನು ತಮ್ಮದಾಗಿಸಿಕೊಂಡರು, ಲೆಕ್ಕಿಗರು ತಮಗೆ ಸಂಬಂಧವಿಲ್ಲವೆಂದರು. ಇದು ಲಾಭದ ಗರಿಷ್ಠ ಬಿಂದುವಿನ ನಕ್ಷೆ, ಬ್ರೇಕ್-ಈವನ್ ನಕ್ಷೆಯಲ್ಲ ಎಂಬುದು ಅವರ ಆಕ್ಷೇಪ. ಆದರೆ ಎರಡು ಗೆರೆಗಳು ಕೂಡುವಲ್ಲಿ ಆದಾಯ ಮತ್ತು ಖರ್ಚು ಸಮ. ಬ್ರೇಕ್-ಈವನ್ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಲಕ್ಷಣ ಏನು ಬೇಕು? ಸಂಚಾರದ ಜೊತೆ ಹೆಚ್ಚುವ ಖರ್ಚು, ಹೆಚ್ಚದ ಖರ್ಚು ಎಂಬ ಭೇದವೂ ಲಾರ್ಡ್ನರ್‌ಗೆ ಗೊತ್ತಿತ್ತು.

ನಮ್ಮ ಕಾರ್ಖಾನೆಯನ್ನು ಈ ಅಡ್ಡಗೆರೆಯ ಮೇಲಿಟ್ಟರೆ ಹೆಸ್‌ನ ನಕ್ಷೆ ಮುಚ್ಚಿಟ್ಟದ್ದು ಹೊರಬರುತ್ತದೆ. ₹100ಕ್ಕೆ 15,000, ₹90ಕ್ಕೆ 20,000 ಎಂಬ ಎರಡು ಅಂಕಿಗಳ ನಡುವೆ ನೇರಗೆರೆ ಎಳೆದರೆ ಬೆಲೆ ಒಂದೊಂದು ರೂಪಾಯಿ ಇಳಿದಂತೆ ಬೇಡಿಕೆ 500ರಷ್ಟು ಏರುತ್ತದೆ. (ನಿಜದ ಮಾರುಕಟ್ಟೆಯ ಬೇಡಿಕೆ ಹೀಗೆ ನೇರವಾಗಿರಬೇಕಿಲ್ಲ. ಎರಡೇ ಅಂಕಿಗಳಿರುವಾಗ ಇದಕ್ಕಿಂತ ಸರಳ ಊಹೆ ಇಲ್ಲ.) ಆಗ ಲಾಭ-ನಷ್ಟವಿಲ್ಲದ ಬೆಲೆಗಳು ಎರಡು: ಸುಮಾರು ₹72.53 ಮತ್ತು ₹117.47. ಲಾಭ ಗರಿಷ್ಠವಾಗುವುದು ₹95ರಲ್ಲಿ: 17,500 ಸರಕು, ವಂತಿಗೆ ₹35, ಲಾಭ ₹2,52,500. ಬೆಲೆ ಏರಿಸಿದರೆ ಬ್ರೇಕ್-ಈವನ್ ಬಿಂದು ಇಳಿಯುತ್ತದೆ ಎಂಬ ಪಾಠದ ನಿಯಮ ಇಲ್ಲಿಯೂ ಸುಳ್ಳಲ್ಲ. ಆದರೆ ₹117.47ರ ಆಚೆ ಗ್ರಾಹಕರು ಆ ಇಳಿದ ಬಿಂದುವಿಗಿಂತಲೂ ಕೆಳಗೆ ಹೋಗಿರುತ್ತಾರೆ.

ಈಗ ಭದ್ರತೆಯ ಮಾತಿಗೆ ಮರಳೋಣ. ಪ್ರತಿಸ್ಪರ್ಧಿಗಳೂ ಬೆಲೆ ಇಳಿಸಿದ್ದರಿಂದ ಮಾರಾಟ ಹೆಚ್ಚದೆ, ಬೆಲೆ ಮಾತ್ರ ಕುಸಿಯುತ್ತದೆ ಎನ್ನಿ. ಮೊದಲ ಸ್ಥಿತಿಯಲ್ಲಿ ₹2,40,000ದ ಲಾಭ 15,000 ಸರಕುಗಳ ಮೇಲೆ ಹರಡಿದೆ, ಅಂದರೆ ಒಂದಕ್ಕೆ ₹16. ಬೆಲೆ ₹84ಕ್ಕೆ, ಅಂದರೆ ಶೇ. 16 ಕುಸಿಯುವವರೆಗೆ ನಷ್ಟವಿಲ್ಲ. ಎರಡನೆಯ ಸ್ಥಿತಿಯಲ್ಲಿ ಅದೇ ಲಾಭ 20,000 ಸರಕುಗಳ ಮೇಲೆ, ಒಂದಕ್ಕೆ ₹12 ಮಾತ್ರ. ₹90ರ ಬೆಲೆ ₹78 ಮುಟ್ಟಿದರೆ, ಅಂದರೆ ಶೇ. 13.33 ಕುಸಿದರೆ ಲಾಭ ಪೂರ್ತಿ ಮಾಯ. ಈ ಅಳತೆಗೆ ಹೊಸ ಸೂತ್ರ ಬೇಕಿಲ್ಲ, ಲಾಭವನ್ನು ಮಾರಾಟದಿಂದ ಭಾಗಿಸಿದರೆ ಸಾಕು. ಬೆಲೆ ಇಳಿಸಿ ಹಳೆಯ ಲಾಭವನ್ನು ಉಳಿಸಿಕೊಂಡ ಸಂಸ್ಥೆ ಪ್ರಮಾಣದ ಕುಸಿತದ ಎದುರು ಮೊದಲಿನಷ್ಟೇ ಭದ್ರ, ಬೆಲೆಯ ಕುಸಿತದ ಎದುರು ಮೊದಲಿಗಿಂತ ದುರ್ಬಲ. ಹೆಚ್ಚು ಭದ್ರ ಎಂಬುದು ಎರಡೂ ಅರ್ಥದಲ್ಲಿ ನಿಲ್ಲುವುದಿಲ್ಲ.

ಪ್ರಶ್ನೆಪತ್ರಿಕೆ ರಚಿಸುವವರಲ್ಲಿ ನನ್ನ ವಿನಂತಿ ಇಷ್ಟೇ. ಬೆಲೆ ಬದಲಾವಣೆಯ ಲೆಕ್ಕ ಕೊಡುವಾಗ ಮಾರಾಟದ ಪ್ರಮಾಣ ಹಾಗೇ ಉಳಿಯುತ್ತದೆಯೇ, ಹೆಚ್ಚುತ್ತದೆಯೇ ಅಥವಾ ಹಳೆಯ ಲಾಭಕ್ಕೆ ತಕ್ಕಷ್ಟು ಬೇಕೇ ಎಂಬುದನ್ನು ಪ್ರಶ್ನೆಯಲ್ಲೇ ಬರೆಯಿರಿ, ಮಾರ್ಜಿನ್ ಆಫ್ ಸೇಫ್ಟಿಯನ್ನು ರೂಪಾಯಿಯ ಜೊತೆಗೆ ಶೇಕಡಾವಾರಿನಲ್ಲೂ ಕೇಳಿರಿ. ಮೇಲಿನ ಲೆಕ್ಕದಲ್ಲೇ ಪ್ರಮಾಣ 15,000ದಲ್ಲಿ ನಿಂತಿದ್ದರೆ ₹90ರ ಬೆಲೆಗೆ ಮಾರ್ಜಿನ್ ₹2,70,000, ಶೇ. 20, ಲಾಭ ₹90,000.